ದೀಪ ಹಚ್ಚದ ಮನೆಗೂ ಬಿಲ್ಲು

ನಮ್ಮ ಸೋದರತ್ತೆ ಇರುವುದು ಹಾಸನದಲ್ಲಿ. ತಿಪಟೂರಿನ ಹತ್ತಿರ ಅವರಿಗೊಂದು ಊರಮನೆ ಇದೆ. ಹಬ್ಬಕ್ಕೆ, ತೆಂಗಿನಕಾಯಿ ಕೀಳಿಸುವಾಗ, ಮೊಮ್ಮಕ್ಕಳ ಬೇಸಿಗೆ ರಜೆಗೆ ಬಾಗಿಲು ತೆಗೆಯುವ ಮನೆ ಅದು. ಮಿಕ್ಕ ತಿಂಗಳುಗಳಲ್ಲಿ ಮೇನ್ ಸ್ವಿಚ್ ಕೆಳಗಿಳಿಸಿ ಬೀಗ ಹಾಕಿ ಬರುತ್ತಾರೆ. ಕಳೆದ ವರ್ಷ ಮಳೆಗಾಲದಲ್ಲಿ ಹೋಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಬಿಲ್ಲು ಸಿಕ್ಕಿಸಿತ್ತು. ಬಳಸಿದ ಯೂನಿಟ್ ಸೊನ್ನೆ, ಕಟ್ಟಬೇಕಾದ ಹಣ 435 ರೂಪಾಯಿ. ಅಲ್ಲಿಂದಲೇ ನನಗೆ ಫೋನು.

"ಏನೋ ಇದು, ಒಂದು ಬಲ್ಬೂ ಹಚ್ಚಿಲ್ಲ. ಕರೆಂಟೇ ಇಲ್ಲದ ಮನೆಗೆ ಎಂಥ ಕರೆಂಟ್ ಬಿಲ್ಲು?"

ಅತ್ತೆಯ ಹಾಸನದ ಮನೆಗೆ ಗೃಹಜ್ಯೋತಿ ಇದೆ. ಒಂದು ಆಧಾರ್‌ಗೆ ಒಂದೇ ಮೀಟರು ಎಂಬ ಲೆಕ್ಕದಲ್ಲಿ ಊರಮನೆ ಯೋಜನೆಯಿಂದ ಹೊರಗೆ ಉಳಿದಿದೆ. ಹಾಗಾಗಿ ಬಿಲ್ಲು ಬಿಲ್ಲಾಗಿಯೇ ಬರುತ್ತದೆ. ಸೊನ್ನೆ ಬಿಲ್ಲಿನ ಮನೆಯವರು ಮೊತ್ತದ ಜಾಗ ಒಂದನ್ನು ನೋಡಿ ಕಾಗದ ಎಸೆಯುತ್ತಾರೆ. ಯೋಜನೆಯ ಹೊರಗಿದ್ದವರಿಗೆ, 200 ಯೂನಿಟ್ ದಾಟಿದವರಿಗೆ ಮಾತ್ರ ಒಂದೊಂದೇ ಸಾಲು ಕಣ್ಣಿಗೆ ಚುಚ್ಚುತ್ತದೆ. ನಿಗದಿತ ಶುಲ್ಕ, ಎಫ್‌ಪಿಪಿಸಿಎ, ಪಿ ಅಂಡ್ ಜಿ ಸರ್ಚಾರ್ಜ್, ತೆರಿಗೆ ಎಂದು ನಾಲ್ಕು ಸಾಲು. ನಾಲ್ಕಕ್ಕೂ ಬೇರೆ ಬೇರೆ ಹುಟ್ಟು. ಆದರೆ ಉಷ್ಣ ಮುದ್ರಣದ ಆ ಉದ್ದನೆಯ ಚೀಟಿಯಲ್ಲಿ ಒಂದರ ಕೆಳಗೊಂದು ಒಂದೇ ಅಳತೆಯ ಅಕ್ಷರದಲ್ಲಿ ಬರುವುದರಿಂದ ಎಲ್ಲವೂ ಒಂದೇ ಜಾತಿಯ ಸುಲಿಗೆಯಂತೆ ಕಾಣುತ್ತವೆ.

ಅತ್ತೆಯ 435 ರೂಪಾಯಿ ಇವುಗಳಲ್ಲಿ ಮೊದಲನೆಯದು, ನಿಗದಿತ ಶುಲ್ಕ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, 2025ರ ಮಾರ್ಚಿನಲ್ಲಿ ಹೊರಡಿಸಿದ ಆದೇಶದಂತೆ 2025-26ರಲ್ಲಿ ಮನೆ ಬಳಕೆಯ ಸಂಪರ್ಕಕ್ಕೆ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. ಊರಮನೆಯ ಮಂಜೂರಾದ ಲೋಡು 3 ಕಿಲೋವ್ಯಾಟ್. ಮೂರನ್ನು 145ರಿಂದ ಗುಣಿಸಿದರೆ 435. ಮೀಟರು ತಿರುಗಿತೋ ಇಲ್ಲವೋ ಎಂಬುದಕ್ಕೂ ಈ ಸಾಲಿಗೂ ಸಂಬಂಧವೇ ಇಲ್ಲ.

ಇದನ್ನು ಅತ್ತೆಗೆ ಅರ್ಥ ಮಾಡಿಸಲು ನನಗೆ ಕೈಗೆ ಸಿಕ್ಕಿದ್ದು ಶಾಮಿಯಾನ ಅಂಗಡಿ. ಮದುವೆಗೆ ಮುನ್ನೂರು ಕುರ್ಚಿ ತರಿಸಿದಿರಿ. ಬಂದವರು ನೂರೇ ಜನ. ಕುರ್ಚಿಯವನು ಮುನ್ನೂರಕ್ಕೂ ಬಾಡಿಗೆ ಕೇಳುತ್ತಾನೆ, ಏಕೆಂದರೆ ಅಷ್ಟನ್ನೂ ನಿಮಗಾಗಿ ಎತ್ತಿಟ್ಟಿದ್ದ, ಬೇರೆಯವರಿಗೆ ಕೊಡಲಿಲ್ಲ. ಅಡುಗೆಯ ಖರ್ಚು ಮಾತ್ರ ಉಂಡವರ ಲೆಕ್ಕದಲ್ಲಿ. ಬಿಲ್ಲಿನ ನಿಗದಿತ ಶುಲ್ಕ ಕುರ್ಚಿ ಬಾಡಿಗೆ. ಯೂನಿಟ್ ಲೆಕ್ಕದ ವಿದ್ಯುತ್ ಶುಲ್ಕ ಊಟದ ಖರ್ಚು.

ಕುರ್ಚಿ ಬಾಡಿಗೆ ನಮ್ಮ ಮನೆಯ ಹಂತದಲ್ಲೇ ಶುರುವಾಗುವುದಲ್ಲ. ಎಸ್ಕಾಂಗಳು ಕೂಡ ಕರೆಂಟನ್ನು ಹೀಗೆಯೇ ಎರಡು ಬಾಬತ್ತಿನಲ್ಲಿ ಕೊಳ್ಳುತ್ತವೆ. ರಾಯಚೂರು, ಬಳ್ಳಾರಿ, ಯರಮರಸ್‌ನಂಥ ಕಲ್ಲಿದ್ದಲು ಸ್ಥಾವರಗಳ ಜೊತೆ ವರ್ಷಗಟ್ಟಲೆಯ ಒಪ್ಪಂದ ಇರುತ್ತದೆ. ಸ್ಥಾವರ ಉತ್ಪಾದನೆಗೆ ಸಿದ್ಧವಾಗಿ ನಿಂತಿದ್ದರೆ ಸಾಕು, ಅದರ ಸಾಲ, ಸವಕಳಿ, ಸಿಬ್ಬಂದಿ ಸಂಬಳಕ್ಕೆಂದು ಸಾಮರ್ಥ್ಯ ಶುಲ್ಕ ಕೊಡಲೇಬೇಕು. ಸುಟ್ಟ ಕಲ್ಲಿದ್ದಲಿನ ದುಡ್ಡು ಬೇರೆ. ಶರಾವತಿ ತುಂಬಿ ಹರಿಯುವಾಗ, ಚಿತ್ರದುರ್ಗ ಗದಗಿನ ಗಾಳಿಯಂತ್ರಗಳು ರಭಸವಾಗಿ ತಿರುಗುವಾಗ, ಹಗಲು ಹೊತ್ತು ಪಾವಗಡದ ಸೌರ ಫಲಕಗಳು ಕರೆಂಟು ಸುರಿಯುವಾಗ ಕಲ್ಲಿದ್ದಲಿನ ಘಟಕಗಳನ್ನು ತಗ್ಗಿಸುತ್ತಾರೆ, ಕೆಲವನ್ನು ನಿಲ್ಲಿಸುತ್ತಾರೆ. ಆಗಲೂ ಬಾಡಿಗೆ ಓಡುತ್ತಿರುತ್ತದೆ. ಅದರ ಮೇಲೆ ತಂತಿ, ಕಂಬ, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್, ಲೈನ್‌ಮನ್ನುಗಳ ಸಂಬಳ. ಅತ್ತೆ ಬೀಗ ಹಾಕಿದರೆಂದು ಬೀದಿಯ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುವುದಿಲ್ಲ.

ತರ್ಕವೇನೋ ಸರಿ. ಆದರೂ ಅತ್ತೆಯ ಸಿಟ್ಟಿನಲ್ಲಿ ನ್ಯಾಯ ಇಲ್ಲವೆಂದು ನಾನು ಹೇಳಲಾರೆ. ಕಳೆದ ಮೂರು ವರ್ಷಗಳ ದರವನ್ನು ಒಟ್ಟಿಗೆ ಇಟ್ಟು ನೋಡಿ. 2023-24ರಲ್ಲಿ ಕಿಲೋವ್ಯಾಟಿಗೆ 110 ರೂಪಾಯಿ ಇತ್ತು, ಮರುವರ್ಷ 120, ಅದರ ಮರುವರ್ಷ 145. ಇದೇ ಹೊತ್ತಿಗೆ ಯೂನಿಟ್ ದರ ಇಳಿದಿದೆ. 2023-24ರಲ್ಲಿ ನೂರು ಯೂನಿಟ್ ದಾಟಿದವರಿಗೆ 7 ರೂಪಾಯಿ ಇದ್ದದ್ದು 2024ರ ಏಪ್ರಿಲ್‌ನಿಂದ 5.90 ಆಯಿತು, ಆಮೇಲೆ 5.80. ಪತ್ರಿಕೆಗಳಲ್ಲಿ 'ಯೂನಿಟ್ ದರ ಇಳಿಕೆ' ಎಂದು ಬರುತ್ತದೆ, ಅದು ಸುಳ್ಳೂ ಅಲ್ಲ. ಭಾರ ಊಟದ ಖರ್ಚಿನಿಂದ ಕುರ್ಚಿ ಬಾಡಿಗೆಗೆ ಸರಿಯುತ್ತಿದೆ, ಅಷ್ಟೇ. ಹೆಚ್ಚು ಬಳಸುವ ಮನೆಗೆ ಇದರಿಂದ ಲಾಭ. ಕಡಿಮೆ ಬಳಸಿ ಹೆಚ್ಚು ಲೋಡು ಬರೆಸಿಕೊಂಡ ಮನೆಗೆ ಪೆಟ್ಟು.

ಸ್ಲ್ಯಾಬಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಈಗಲೂ ಅನೇಕರು 'ನೂರು ದಾಟಿದರೆ ರೇಟು ಜಾಸ್ತಿ' ಎಂದು ಹೆದರಿ ಫ್ಯಾನ್ ಆರಿಸುತ್ತಾರೆ. ಅದು 2023ರ ಕಥೆ. ಆ ವರ್ಷ ನೂರು ಯೂನಿಟ್ ಒಳಗಿದ್ದರೆ 4.75, ಒಂದು ಯೂನಿಟ್ ದಾಟಿದರೂ ಮೊದಲನೇ ಯೂನಿಟ್‌ನಿಂದ ಹಿಡಿದು ಎಲ್ಲದಕ್ಕೂ 7 ರೂಪಾಯಿ. ನೂರಕ್ಕೆ 475 ಬರುತ್ತಿದ್ದದ್ದು ನೂರಾ ಒಂದಕ್ಕೆ 707 ಆಗುತ್ತಿತ್ತು. ಸಾಲದ್ದಕ್ಕೆ ಆದೇಶ ಬಂದದ್ದು ವಿಧಾನಸಭೆ ಚುನಾವಣೆ ಮುಗಿದ ಮೇಲೆ, ಮೇ 12ರಂದು. ಜಾರಿಯಾದದ್ದು ಹಿಂದಿನ ಏಪ್ರಿಲ್ 1ರಿಂದ. ಹಳೆಯ ವ್ಯತ್ಯಾಸವೂ ಸೇರಿ ಜೂನಿನ ಬಿಲ್ಲು ಕೈಗೆ ಬಂದಾಗ ರಾಜ್ಯವೇ ಬೆಚ್ಚಿತು. 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಒಂದೇ ದರ. ನೂರು, ನೂರಾ ಒಂದು ಎಂಬ ಗಡಿ ಈಗ ಇಲ್ಲ. ಗೃಹಜ್ಯೋತಿಯ 200ರ ಗಡಿ ಮಾತ್ರ ಇದೆ, ಅದು ಬಹಳ ಚೂಪು: 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮ ತಲೆಗೇ.

ಎರಡನೆಯ ಸಾಲು ಎಲ್ಲರನ್ನೂ ಹೆಚ್ಚು ಕಾಡುವಂಥದ್ದು. ಎಫ್‌ಪಿಪಿಸಿಎ ಎಂದು ಮುದ್ರಿಸಿರುತ್ತಾರೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಕನ್ನಡದಲ್ಲಿ ಪೂರ್ತಿ ಹೇಳುವಷ್ಟರಲ್ಲಿ ಬಿಲ್ಲಿನ ಕಾಗದ ಮುಗಿದೀತು ಎಂದು ಬಿಟ್ಟರೇನೋ.

ಇದರ ಹುಟ್ಟು ಹೀಗೆ. ವರ್ಷದ ಮೊದಲೇ ಎಸ್ಕಾಂಗಳು ಆಯೋಗದ ಮುಂದೆ ಲೆಕ್ಕ ಇಡುತ್ತವೆ: ಮುಂದಿನ ವರ್ಷ ಇಷ್ಟು ಕರೆಂಟು ಬೇಕು, ಜಲವಿದ್ಯುತ್ ಇಷ್ಟು ಸಿಗುತ್ತದೆ, ಕಲ್ಲಿದ್ದಲಿನದು ಇಷ್ಟು, ಸರಾಸರಿ ಈ ಬೆಲೆ ಬೀಳುತ್ತದೆ ಎಂದು. ಆಯೋಗ ಅದನ್ನು ಜಾಲಾಡಿ, ಸಾರ್ವಜನಿಕ ವಿಚಾರಣೆ ನಡೆಸಿ, ಒಂದು ಬೆಲೆಯನ್ನು ಒಪ್ಪುತ್ತದೆ. ನಮ್ಮ ಯೂನಿಟ್ ದರ ನಿಂತಿರುವುದು ಆ ಒಪ್ಪಿದ ಬೆಲೆಯ ಮೇಲೆ. ಆದರೆ ಮಳೆಗೂ ಕಲ್ಲಿದ್ದಲಿಗೂ ಆಯೋಗದ ಆದೇಶ ಓದಲು ಬರುವುದಿಲ್ಲ. 2022ರಲ್ಲಿ ಕಲ್ಲಿದ್ದಲಿನ ಅಭಾವ ಬಂದು ಆಮದು ಕಲ್ಲಿದ್ದಲು ಬೆರೆಸಿ ಎಂದು ಕೇಂದ್ರವೇ ಸೂಚಿಸಿತು, ಅದು ದುಬಾರಿ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಜಲಾಶಯಗಳಲ್ಲಿ ನೀರಿಲ್ಲ ಎಂದರೆ ನಮಗೆ ಸಿಗುವ ಅತಿ ಅಗ್ಗದ ಕರೆಂಟೇ ಇಲ್ಲ ಎಂದರ್ಥ. ಅದೇ ಹೊತ್ತಿಗೆ ಬತ್ತಿದ ಬಾವಿ ಬೋರ್‌ವೆಲ್‌ಗಳಿಂದ ನೀರೆತ್ತಲು ಪಂಪ್‌ಸೆಟ್‌ಗಳು ಹೆಚ್ಚು ಹೊತ್ತು ಓಡಿದವು. ಆ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹೊರತೆಗೆದು, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ಕರೆಂಟನ್ನು ರಾಜ್ಯದ ಜಾಲಕ್ಕೇ ಕೊಡಬೇಕೆಂದು ಆಜ್ಞೆ ಮಾಡಿತು. ಇಂಥ ತಿಂಗಳುಗಳಲ್ಲಿ ಆಯೋಗ ಒಪ್ಪಿದ ಬೆಲೆಗೂ ನಿಜವಾಗಿ ಕೊಟ್ಟ ಬೆಲೆಗೂ ನಡುವೆ ಒಂದು ಕಂದಕ ಬೀಳುತ್ತದೆ. ಆ ಕಂದಕವನ್ನು ಮಾರಿದ ಯೂನಿಟ್‌ಗಳಿಗೆ ಹಂಚಿ, ಯೂನಿಟ್‌ಗೆ ಇಷ್ಟು ಪೈಸೆ ಎಂದು ವಸೂಲು ಮಾಡುವುದೇ ಎಫ್‌ಪಿಪಿಸಿಎ.

ಮೊದಲು ಇದನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಿದ್ದರು. 2022ರ ಕೊನೆಯಲ್ಲಿ ಕೇಂದ್ರ ತಂದ ನಿಯಮ ಅದನ್ನು ತಿಂಗಳ ಲೆಕ್ಕವಾಗಿಸಿತು. ಆ ನಿಯಮದಲ್ಲಿ ಎರಡು ತಿಂಗಳ ಅಂತರ ಇದೆ: ಏಪ್ರಿಲ್‌ನಲ್ಲಿ ಹೆಚ್ಚಾದ ಖರ್ಚು ಜೂನಿನ ಬಿಲ್ಲಿಗೆ. ಲೆಕ್ಕಪತ್ರ ಹೊಂದಿಸಲು ಅಷ್ಟು ಸಮಯ ಬೇಕಲ್ಲ. ಗೊಂದಲ ಹುಟ್ಟುವುದು ಇಲ್ಲೇ. ನಾವು ಬಿಲ್ಲನ್ನು ನೋಡಿ 'ಈ ತಿಂಗಳು ಮಳೆ ಚೆನ್ನಾಗಿದೆ, ಅಣೆಕಟ್ಟು ತುಂಬಿದೆ, ಆದರೂ ಇಂಧನದ ಹೆಸರಲ್ಲಿ ಕೀಳುತ್ತಿದ್ದಾರೆ' ಎನ್ನುತ್ತೇವೆ. ಆ ಪೈಸೆ ಹುಟ್ಟಿದ್ದು ಬಿರುಬೇಸಿಗೆಯಲ್ಲಿ. ತಿಂಗಳಿಂದ ತಿಂಗಳಿಗೆ ಅದು ಬದಲಾಗುವುದೂ ಇದರಿಂದಲೇ, ಒಂದೊಂದು ತಿಂಗಳು ಪಕ್ಕದ ಜಿಲ್ಲೆಯ ನೆಂಟರ ಬಿಲ್ಲಿನಲ್ಲಿ ಬೇರೆ ಅಂಕಿ ಕಂಡರೆ ಅಚ್ಚರಿ ಪಡಬೇಕಿಲ್ಲ. ಖರ್ಚು ಅಂದಾಜಿಗಿಂತ ಕಡಿಮೆಯಾದರೆ ಈ ಸಾಲು ಋಣ ಚಿಹ್ನೆಯೊಡನೆ ಬಂದು ಬಿಲ್ಲನ್ನು ತಗ್ಗಿಸಲೂ ಬೇಕು, ನಿಯಮ ಎರಡೂ ಕಡೆಗೆ ಕೆಲಸ ಮಾಡುವಂಥದ್ದು. ಏರಿದಾಗ ಸುದ್ದಿಯಾಗುತ್ತದೆ, ಇಳಿದಾಗ ಯಾರೂ ಬಿಲ್ಲನ್ನು ಓದುವುದಿಲ್ಲ.

ಇದು ಯೂನಿಟ್‌ಗೆ ಅಂಟಿದ ಸಾಲು. ಹಾಗಾಗಿ ಅತ್ತೆಯ ಬೀಗ ಹಾಕಿದ ಮನೆಗೆ ಇದು ಸೊನ್ನೆ.

ಮೂರನೆಯ ಸಾಲು ಹೊಸದು. 2025ರ ಏಪ್ರಿಲ್ 1ರಿಂದ ಬಂದ ಪಿ ಅಂಡ್ ಜಿ ಸರ್ಚಾರ್ಜ್, 2025-26ರಲ್ಲಿ ಯೂನಿಟ್‌ಗೆ 36 ಪೈಸೆ. ಪಿ ಎಂದರೆ ಪಿಂಚಣಿ, ಜಿ ಎಂದರೆ ಗ್ರಾಚುಟಿ. ಎಫ್‌ಪಿಪಿಸಿಎ ಜೊತೆ ಇದನ್ನು ಬೆರೆಸಿ 'ಸರ್ಚಾರ್ಜ್ ಎರಡೆರಡು ಸಲ ಹಾಕಿದ್ದಾರೆ' ಎಂದು ದೂರುವವರನ್ನು ನೋಡಿದ್ದೇನೆ. ಎರಡಕ್ಕೂ ನಂಟಿಲ್ಲ. ವಿದ್ಯುತ್ ಮಂಡಳಿ ಮುರಿದು ಕೆಪಿಟಿಸಿಎಲ್, ಆಮೇಲೆ 2002ರಲ್ಲಿ ಎಸ್ಕಾಂಗಳು ಹುಟ್ಟಿದವು. ಹಳೆಯ ನೌಕರರ ನಿವೃತ್ತಿ ವೇತನದಲ್ಲಿ ಸರ್ಕಾರದ ಪಾಲು ಎಂದು ಒಂದು ಭಾಗ ಇತ್ತು. ಅದನ್ನು ಯಾರು ಹೊರಬೇಕು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆದು ಕೊನೆಗೆ ಗ್ರಾಹಕರ ಬಿಲ್ಲಿಗೆ ಬಂದು ಕುಳಿತಿತು. ಕರೆಂಟಿನ ಬೆಲೆಗೂ ಇದಕ್ಕೂ ಸಂಬಂಧವಿಲ್ಲದಿರುವುದರಿಂದ ಪ್ರತ್ಯೇಕ ಸಾಲಾಗಿ ಮುದ್ರಿಸಿದ್ದು ಒಳ್ಳೆಯದೇ ಆಯಿತು ಎಂದು ನನ್ನ ಅನಿಸಿಕೆ. ಯೂನಿಟ್ ದರದೊಳಗೆ ಅಡಗಿಸಿಬಿಟ್ಟಿದ್ದರೆ ಕಾಣುತ್ತಲೇ ಇರಲಿಲ್ಲ. ಅಂದಹಾಗೆ, ಯೂನಿಟ್ ದರ ಹತ್ತು ಪೈಸೆ ಇಳಿದದ್ದೂ ಇದೇ ಏಪ್ರಿಲ್ 1ರಂದು.

ನಾಲ್ಕನೆಯದು ತೆರಿಗೆ. ಇದು ವಿದ್ಯುತ್ ಕಂಪನಿಯದೂ ಅಲ್ಲ, ಆಯೋಗದ್ದೂ ಅಲ್ಲ. ವಿದ್ಯುತ್ ಬಳಕೆ ಮತ್ತು ಮಾರಾಟದ ಮೇಲಿನ ತೆರಿಗೆಗೆಂದು ರಾಜ್ಯದಲ್ಲಿ 1959ರ ಕಾಯ್ದೆಯೊಂದಿದೆ. ಅದರಡಿ ಶೇಕಡ 9ರಷ್ಟು ಸಂಗ್ರಹಿಸಿ ಎಸ್ಕಾಂ ಸರ್ಕಾರಕ್ಕೆ ಕಟ್ಟುತ್ತದೆ. ಇದನ್ನು ಜಿಎಸ್‌ಟಿ ಎಂದುಕೊಂಡವರು ಬಹಳ ಜನ. ಕರೆಂಟಿಗೆ ಜಿಎಸ್‌ಟಿ ಇಲ್ಲ. ಬೇರೆ ರಾಜ್ಯಗಳಲ್ಲಿ ಇದಕ್ಕೆ ವಿದ್ಯುತ್ ಸುಂಕ ಎನ್ನುತ್ತಾರೆ, ಪ್ರಮಾಣವೂ ಬೇರೆ. ಮುಂಬೈಯಲ್ಲಿರುವ ನಮ್ಮ ಕನ್ನಡಿಗರು ಮನೆಯ ಬಿಲ್ಲಿಗೆ ಕೊಡುವ ಸುಂಕ ಶೇಕಡ 16. ತೆರಿಗೆ ಹೆಚ್ಚಾಯಿತೆಂದು ಆಯೋಗದ ವಿಚಾರಣೆಗೆ ಹೋಗಿ ಗುಡುಗಿದರೆ ಪ್ರಯೋಜನವಿಲ್ಲ, ಅದನ್ನು ಬದಲಿಸುವ ಜಾಗ ವಿಧಾನಸೌಧ.

ತೆರಿಗೆ ಶೇಕಡಾವಾರು ಆದ್ದರಿಂದ ತಾನಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ತಾನು ಕುಳಿತ ಮೊತ್ತದ ಜೊತೆ ಮೇಲೆ ಕೆಳಗೆ ಹೋಗುತ್ತದೆ. ನಿಮ್ಮ ಬಿಲ್ಲಿನಲ್ಲಿ ಅದು ಯಾವ ಸಾಲುಗಳ ಮೇಲೆ ಕುಳಿತಿದೆ ಎಂದು ನೋಡಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ತೆರಿಗೆಯ ಮೊತ್ತವನ್ನು 0.09ರಿಂದ ಭಾಗಿಸಿ. ಬಂದ ಅಂಕಿ ಯೂನಿಟ್ ಶುಲ್ಕದ ಸಾಲಿಗೆ ಸಮನಾದರೆ ತೆರಿಗೆ ಅದರ ಮೇಲೆ ಮಾತ್ರ ಬಿದ್ದಿದೆ. ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಳ ಯಾವ ಸಾಲಿನ ಮೊತ್ತಕ್ಕೆ ಹೊಂದುತ್ತದೆ ನೋಡಿ, ಅದೂ ಸೇರಿದೆ ಎಂದರ್ಥ.

ಈಗ ಅತ್ತೆಯ ಬೇಸಿಗೆಯ ಬಿಲ್ಲಿಗೆ ಬರೋಣ. ಮೊಮ್ಮಕ್ಕಳು ಬಂದ ತಿಂಗಳು 210 ಯೂನಿಟ್ ಓಡಿತ್ತು. ಯೂನಿಟ್‌ಗೆ 5.80ರಂತೆ 1,218 ರೂಪಾಯಿ. ನಿಗದಿತ ಶುಲ್ಕ ಅದೇ 435. ಪಿಂಚಣಿಯ 36 ಪೈಸೆಯಂತೆ 75 ರೂಪಾಯಿ 60 ಪೈಸೆ. ಎಫ್‌ಪಿಪಿಸಿಎ ತಿಂಗಳು ತಿಂಗಳು ಬದಲಾಗುವುದರಿಂದ ಲೆಕ್ಕದ ಸಲುವಾಗಿ 30 ಪೈಸೆ ಎಂದು ಹಿಡಿಯೋಣ, 63 ರೂಪಾಯಿ. ತೆರಿಗೆಯನ್ನು ಯೂನಿಟ್ ಶುಲ್ಕದ ಮೇಲೆ ಮಾತ್ರ ಹಾಕಿದರೆ 109 ರೂಪಾಯಿ 62 ಪೈಸೆ. ಎಲ್ಲ ಕೂಡಿದರೆ 1,901 ರೂಪಾಯಿ ಚಿಲ್ಲರೆ. 210ರಿಂದ ಭಾಗಿಸಿದರೆ ಯೂನಿಟ್ ಒಂದಕ್ಕೆ 9 ರೂಪಾಯಿ 5 ಪೈಸೆ ಬಿತ್ತು. 5.80 ಎಂದು ಪತ್ರಿಕೆಯಲ್ಲಿ ಓದಿದವರಿಗೆ ಮೋಸ ಹೋದ ಭಾವನೆ ಬರುವುದು ಇಲ್ಲಿ.

ಅತ್ತೆ ಒಬ್ಬರೇ ಹೋಗಿ ಹದಿನೈದು ದಿನ ಇದ್ದು 60 ಯೂನಿಟ್ ಬಳಸಿದ ತಿಂಗಳನ್ನೂ ಇದೇ ದರದಲ್ಲಿ ಲೆಕ್ಕ ಹಾಕಿದೆ. ಯೂನಿಟ್ ಶುಲ್ಕ 348, ಪಿಂಚಣಿಯದು 21.60, ಎಫ್‌ಪಿಪಿಸಿಎ 18, ತೆರಿಗೆ 31.32. ಇಷ್ಟೂ ಸೇರಿ 419 ರೂಪಾಯಿ ಆಗಲಿಲ್ಲ. ಅದರ ಪಕ್ಕ 435 ನಿಗದಿತ ಶುಲ್ಕ ಕುಳಿತಿದೆ. ಒಟ್ಟು 854. ಯೂನಿಟ್ ಒಂದಕ್ಕೆ 14 ರೂಪಾಯಿ 23 ಪೈಸೆ! ಊಟಕ್ಕಿಂತ ಕುರ್ಚಿ ಬಾಡಿಗೆಯೇ ಹೆಚ್ಚಾದ ಮದುವೆ ಇದು. ಅದೇ 60 ಯೂನಿಟ್ಟನ್ನು 1 ಕಿಲೋವ್ಯಾಟ್ ಲೋಡಿನ ಮನೆಯಲ್ಲಿ ಬಳಸಿದ್ದರೆ ಒಟ್ಟು 564 ಬರುತ್ತಿತ್ತು, ಯೂನಿಟ್‌ಗೆ 9.40.

ಆಗ ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. "ಆ ಮೂರು ಎಂಬ ಅಂಕಿಯನ್ನು ಬರೆದವರು ಯಾರು?"

ಬರೆಸಿದ್ದು ಮಾವ. ಮನೆ ಕಟ್ಟಿದಾಗ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬಂದು ಎಷ್ಟು ಪಾಯಿಂಟ್, ಗ್ರೈಂಡರ್ ಇಡುತ್ತೀರಾ, ಗೀಸರ್ ಹಾಕಿಸುತ್ತೀರಾ ಎಂದೆಲ್ಲ ಕೇಳಿ ಅರ್ಜಿಯಲ್ಲಿ ಮೂರು ಎಂದು ತುಂಬಿದ್ದ. ಆಗ ನಿಗದಿತ ಶುಲ್ಕ ಯಾರೂ ತಲೆ ಕೆಡಿಸಿಕೊಳ್ಳದಷ್ಟು ಸಣ್ಣದು, ಇರಲಿ ಒಂದು ಹೆಚ್ಚು ಎಂದಿದ್ದರು ಮಾವ. ಮಾವ ಹೋಗಿ ಎಂಟು ವರ್ಷ. ಗ್ರೈಂಡರ್ ಹಾಸನಕ್ಕೆ ಬಂತು, ಗೀಸರ್ ಬರಲೇ ಇಲ್ಲ. ಮೂರು ಮಾತ್ರ ಆರ್‌ಆರ್ ನಂಬರಿನ ಜೊತೆ ಗಟ್ಟಿಯಾಗಿ ಉಳಿಯಿತು.

ಬಿಲ್ಲಿನ ಈ ನಾಲ್ಕು ಸಾಲುಗಳಲ್ಲಿ ದರವನ್ನು ನಾವು ಮುಟ್ಟುವ ಹಾಗಿಲ್ಲ. ಮೂರು ಸಾಲುಗಳನ್ನು ಬಳಕೆ ತಗ್ಗಿಸಿ ತಗ್ಗಿಸಬಹುದು. ನಿಗದಿತ ಶುಲ್ಕ ತಗ್ಗಬೇಕಾದರೆ ಆ ಲೋಡಿನ ಅಂಕಿಯೇ ತಗ್ಗಬೇಕು, ಅದಕ್ಕೆ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಕೊಡಲು ಅವಕಾಶವಿದೆ. ಆದರೆ ಕೊಡುವ ಮೊದಲು ನಿಜವಾಗಿ ಎಷ್ಟು ಬೇಕು ಎಂದು ಗೊತ್ತಿರಬೇಕು. ಅದಕ್ಕೆ ಊಹೆ ಬೇಡ, ಮೀಟರಿಗೆ ಗೊತ್ತಿದೆ. ಈಗಿನ ಎಲೆಕ್ಟ್ರಾನಿಕ್ ಮೀಟರು ಗರಿಷ್ಠ ಬೇಡಿಕೆಯನ್ನೂ ದಾಖಲಿಸುತ್ತದೆ. ಪರದೆಯ ಮೇಲೆ ಅಂಕಿಗಳು ಸರದಿಯಂತೆ ಸುತ್ತುವಾಗ kWh ಎಂದು ಬರುವುದು ಯೂನಿಟ್, MD ಎಂದು kW ಜೊತೆ ಬರುವುದು ಗರಿಷ್ಠ ಬೇಡಿಕೆ. ಬಿಲ್ಲಿನಲ್ಲೂ ಇದನ್ನು ಮುದ್ರಿಸುವುದುಂಟು. ಇದು ಒಂದು ಕ್ಷಣದ ಏರಿಕೆಯಲ್ಲ. ಕಾಲು ಗಂಟೆ ಅಥವಾ ಅರ್ಧ ಗಂಟೆಯ ಸರಾಸರಿ ತೆಗೆದು, ತಿಂಗಳಲ್ಲೇ ಅತಿ ಹೆಚ್ಚಾದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೋಟಾರು ಶುರುವಾಗುವಾಗ ಒಮ್ಮೆ ಗಬಕ್ಕನೆ ಎಳೆಯುವ ಕರೆಂಟು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೋಟಾರೂ ನೀರು ಕಾಯಿಸುವ ರಾಡೂ ಅರ್ಧ ಗಂಟೆ ಒಟ್ಟಿಗೆ ಓಡಿದರೆ ಖಂಡಿತ ಬರುತ್ತದೆ.

ಇದನ್ನು ಅತ್ತೆಗೆ ತೋರಿಸಿಕೊಟ್ಟದ್ದು ಊರಿನ ಲೈನ್‌ಮನ್. ನನ್ನ ಶಾಮಿಯಾನ ಕಥೆಗಿಂತ ಅವನ ಮಾತೇ ಅವರಿಗೆ ಹಿಡಿಸಿತು.

"ಅಮ್ಮ, ಈಗಲೇ ಇಳಿಸಬೇಡಿ. ಎಲ್ಲರೂ ಬರೋ ತಿಂಗಳು ಇದನ್ನ ನೋಡಿ ಬರೆದಿಡಿ. ಸುಮ್ಮನೆ ಒಂದಕ್ಕೆ ಇಳಿಸಿಬಿಟ್ಟು, ಆಮೇಲೆ ದಾಟಿದರೆ ಆಫೀಸಿಂದ ಲೋಡ್ ಏರಿಸಿ ಅಂತ ನೋಟಿಸು ಬರುತ್ತೆ. ಮತ್ತೆ ಡಿಪಾಸಿಟ್ಟು, ಮತ್ತೆ ಓಡಾಟ."

ಅವನು ಡಿಪಾಸಿಟ್ ಎಂದದ್ದು ಬಿಲ್ಲಿನ ಇನ್ನೊಂದು ಒಗಟನ್ನು. ಕೆಲವರಿಗೆ ವರ್ಷಕ್ಕೊಮ್ಮೆ ಹೆಚ್ಚುವರಿ ಭದ್ರತಾ ಠೇವಣಿ ಎಂಬ ಬೇಡಿಕೆ ಬರುತ್ತದೆ. ಸರಾಸರಿ ಎರಡು ತಿಂಗಳ ಬಿಲ್ಲಿನಷ್ಟು ಹಣ ಎಸ್ಕಾಂ ಬಳಿ ಠೇವಣಿ ಇರಬೇಕು, ಬಳಕೆ ಏರಿದಾಗ ಕೊರತೆ ಬಿದ್ದಷ್ಟನ್ನು ಕೇಳುತ್ತಾರೆ. ಅದು ಶುಲ್ಕವಲ್ಲ, ನಮ್ಮದೇ ಹಣ. ಅದಕ್ಕೆ ವರ್ಷಕ್ಕೊಮ್ಮೆ ಬಡ್ಡಿಯನ್ನೂ ಬಿಲ್ಲಿನಲ್ಲಿ ಕಳೆಯುತ್ತಾರೆ. ತಡವಾಗಿ ಕಟ್ಟಿದಾಗ ಹಾಕುವ ತಿಂಗಳಿಗೆ ಶೇಕಡ 1ರ ಬಡ್ಡಿ ಬೇರೆ, ಬಾಕಿ ಎಂದು ತೋರಿಸುವುದು ಬೇರೆ. ಇವುಗಳಲ್ಲಿ ಯಾವುದಾದರೂ ಅರ್ಥವಾಗದಿದ್ದರೆ 1912ಕ್ಕೆ ಫೋನು ಮಾಡಿ ಕೇಳಬಹುದು. ಲೆಕ್ಕವೇ ತಪ್ಪಿದೆ ಅನಿಸಿದರೆ ಮಾತ್ರ ಫೋನು ಸಾಲದು, ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ಇಂಥ ಕಡೆ ಮೊದಲು ಕೇಳುವುದು ಹಳೆಯ ಬಿಲ್ಲುಗಳನ್ನು. ಉಷ್ಣ ಮುದ್ರಣದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟವರು ಗೆದ್ದರು.

ಅತ್ತೆ ಲೈನ್‌ಮನ್ ಹೇಳಿದಂತೆ ಮಾಡಿದರು. ದಸರಾಕ್ಕೆ ಎಲ್ಲರೂ ಸೇರಿದಾಗ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದ ಅಂಕಿ 2.6. ನನಗೆ ನಿರಾಸೆ, ಎರಡಕ್ಕೆ ಇಳಿಸುವ ಹಾಗಿಲ್ಲವಲ್ಲ ಎಂದು. ಅತ್ತೆಗೆ ಅನುಮಾನ. ಬೆಳಗ್ಗೆ ಐದೂವರೆಗೆ ತೊಟ್ಟಿಗೆ ನೀರು ಹತ್ತಿಸಲು ಮೋಟಾರು ಹಾಕುತ್ತಿದ್ದರು, ಅದೇ ಹೊತ್ತಿಗೆ ಸೊಸೆ ಬಚ್ಚಲಲ್ಲಿ ಒಂದೂವರೆ ಕಿಲೋವ್ಯಾಟಿನ ರಾಡ್ ಇಳಿಬಿಡುತ್ತಿದ್ದಳು. ದೀಪಾವಳಿಗೆ ಮತ್ತೆ ಎಲ್ಲರೂ ಬಂದಾಗ ಮೋಟಾರನ್ನು ಮಧ್ಯಾಹ್ನ ಊಟವಾದ ಮೇಲೆ ಎಂದು ಗೊತ್ತು ಮಾಡಿದರು. ಆ ತಿಂಗಳ ಅಂಕಿ 1.8.

2 ಕಿಲೋವ್ಯಾಟಿಗೆ ಇಳಿದರೆ 2025-26ರ ದರದಲ್ಲಿ ತಿಂಗಳಿಗೆ 145, ವರ್ಷಕ್ಕೆ 1,740 ರೂಪಾಯಿ ಉಳಿಯುತ್ತಿತ್ತು. ಅರ್ಜಿ ಬರೆದುಕೊಟ್ಟವನು ನಾನು. ಅರ್ಜಿದಾರರ ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. ಸಂಪರ್ಕ ಇನ್ನೂ ಮಾವನ ಹೆಸರಿನಲ್ಲೇ ಇದೆ, ಮೊದಲು ಹೆಸರು ಬದಲಾವಣೆಯ ಅರ್ಜಿ ಹಾಕಬೇಕು. ಅತ್ತೆ ಸ್ವಲ್ಪ ಹೊತ್ತು ಹಳೆಯ ಬಿಲ್ಲಿನ ಮೇಲಿದ್ದ ಆ ಹೆಸರನ್ನೇ ನೋಡುತ್ತ ಕೂತಿದ್ದು, "ಇನ್ನೊಂದು ತಿಂಗಳು ಹಾಗೇ ಇರಲಿ ಬಿಡು" ಎಂದರು.